ಇಪ್ಪತ್ತೇಳೋ ಇಪ್ಪತ್ತೊಂಬತ್ತೋ? ಮಹಾಸಭೆಯ ನಡಾವಳಿಯ ಕರಡು ತಿದ್ದಿದ ಬಗೆ

ನಮ್ಮ ಮನೆ ಇರುವುದು ಅರವತ್ತನಾಲ್ಕು ಮನೆಗಳ ಒಂದು ಗೃಹ ನಿರ್ಮಾಣ ಸಹಕಾರ ಸಂಘದ ಕಟ್ಟಡದಲ್ಲಿ. ಅಬ್ಬಾ ಈ ವರ್ಷ ಅದರ ಗೌರವ ಕಾರ್ಯದರ್ಶಿ. ವಾರ್ಷಿಕ ಮಹಾಸಭೆ ಮುಗಿದ ನಾಲ್ಕನೇ ದಿನ ಅವರು ಡಿಟಿಪಿ ಅಂಗಡಿಯಿಂದ ಟೈಪಾಗಿ ಬಂದ ಆರು ಹಾಳೆಗಳನ್ನು ನನ್ನ ಮುಂದೆ ಇಟ್ಟು, "ಬೇಟಾ, ನಿನ್ನ ಕನ್ನಡ ನನ್ನದಕ್ಕಿಂತ ಚೆನ್ನಾಗಿದೆ. ಕಾಗುಣಿತದ ತಪ್ಪು ಇದ್ದರೆ ನೋಡು" ಅಂದರು. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕುಳಿತೆ. ಅದು ಮೂರು ಸಂಜೆ ಹಿಡಿಯಿತು. ಕಾಗುಣಿತದ ತಪ್ಪುಗಳು ಒಂದು ಡಜನ್ ಸಿಕ್ಕಿದವು, ಆದರೆ ಅವುಗಳಿಂದ ಯಾರಿಗೂ ನಷ್ಟವಿರಲಿಲ್ಲ. ನಷ್ಟ ಮಾಡುವ ತಪ್ಪುಗಳೆಲ್ಲ ಶುದ್ಧ ಕನ್ನಡದಲ್ಲೇ, ಒಳ್ಳೆಯ ಕಾಗುಣಿತದಲ್ಲೇ ಇದ್ದವು. ನಮ್ಮ ವಾಣಿಜ್ಯ ವಿಭಾಗದವರು ನಾಳೆ ಯಾವುದಾದರೂ ಸಂಘದಲ್ಲೋ ಕಂಪನಿಯಲ್ಲೋ ಇದೇ ಕೆಲಸ ಮಾಡಬೇಕಾಗಬಹುದು ಎಂದು, ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೇಜಿನ ಮೇಲೆ ಏನೇನು ಇರಬೇಕು ಎಂಬುದು. ಕರಡನ್ನು ಮಾತ್ರ ಇಟ್ಟುಕೊಂಡು ಓದಿದರೆ ಅದು ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಅದನ್ನು ಹೋಲಿಸಲು ಏನೂ ಇಲ್ಲ. ಅಕೌಂಟೆನ್ಸಿ ತರಗತಿಯಲ್ಲಿ ಲೆಡ್ಜರನ್ನು ವೋಚರ್ ಇಲ್ಲದೆ ಪರಿಶೀಲಿಸಲು ಆಗುವುದಿಲ್ಲ ಎಂದು ಕಲಿತೆವಲ್ಲ, ಇದೂ ಹಾಗೆಯೇ. ನಾನು ಅಬ್ಬಾ ಹತ್ತಿರ ಐದು ಕಾಗದ ಕೇಳಿ ಪಡೆದೆ: ಸಭೆಯ ನೋಟಿಸು, ಹಾಜರಾತಿ ಪುಸ್ತಕ, ಸದಸ್ಯತ್ವ ರಿಜಿಸ್ಟರ್, ಸಂಘದ ಉಪವಿಧಿಗಳ ಪ್ರತಿ (ಎಲ್ಲರೂ ಬೈಲಾ ಅನ್ನುತ್ತಾರೆ), ಮತ್ತು ಮತ ಎಣಿಸಿದವರ ಕೈಚೀಟಿಗಳು. ಕೊನೆಯದು ಅಬ್ಬಾ ಅವರ ಶರ್ಟಿನ ಜೇಬಿನಲ್ಲಿತ್ತು. ಅಮ್ಮಿ ಆ ಶರ್ಟನ್ನು ಒಗೆಯಲು ಹಾಕುವ ಮೊದಲು ಸಿಕ್ಕಿದ್ದು ನಮ್ಮ ಅದೃಷ್ಟ.

ಇನ್ನೊಂದು ಮಾತು. ಕರಡು ಬೇರೆ, ನಡಾವಳಿ ಪುಸ್ತಕ ಬೇರೆ. ಕರಡಿನಲ್ಲಿ ಪೆನ್ಸಿಲಿನಿಂದ ಎಷ್ಟು ಬೇಕಾದರೂ ಗುರುತು ಹಾಕಬಹುದು. ಪುಸ್ತಕಕ್ಕೆ ಏರಿ ಅಧ್ಯಕ್ಷರ ಸಹಿ ಬಿದ್ದ ಮೇಲೆ ಒಂದು ಅಕ್ಷರವನ್ನೂ ಮನೆಯಲ್ಲಿ ಕೂತು ತಿದ್ದುವಂತಿಲ್ಲ. ವೈಟ್ನರ್ ಅಂತೂ ಹಚ್ಚಲೇಬಾರದು, ಅದರ ಕೆಳಗೆ ಏನಿತ್ತು ಎಂದು ಮುಂದೆ ಎಲ್ಲರೂ ಕೇಳುತ್ತಾರೆ. ಸಹಿಯಾದ ಮೇಲೆ ತಪ್ಪು ಕಂಡರೆ ಅದನ್ನು ಮುಂದಿನ ಸಭೆಯ ಮುಂದೆ ಇಟ್ಟು, ಅಲ್ಲಿ ಸರಿಪಡಿಸಿದ್ದನ್ನು ಆ ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು. ಆದ್ದರಿಂದ ಸಹಿಗೆ ಮೊದಲಿನ ಈ ಕೆಲವು ದಿನಗಳೇ ತಿದ್ದುವವರ ಸಮಯ.

ಈಗ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ಜಗಳವಾಗಿದ್ದು ಒಂದೇ ವಿಷಯಕ್ಕೆ, ತಿಂಗಳ ನಿರ್ವಹಣಾ ಶುಲ್ಕ. ಈಗ ದೊಡ್ಡ ಮನೆಯಾಗಲಿ ಚಿಕ್ಕ ಮನೆಯಾಗಲಿ, ಎಲ್ಲರೂ ಸಮನಾಗಿ 1,500 ರೂಪಾಯಿ ಕೊಡುತ್ತಾರೆ. ಸಮನಾಗಿ ಎಂಬ ಮಾತು ನಮ್ಮ ಬೈಲಾದಲ್ಲೇ ಇದೆ. ಅದನ್ನು ತಿದ್ದಿ ಚದರಡಿಗೆ 1 ರೂಪಾಯಿ 80 ಪೈಸೆಯಂತೆ ಮಾಡಬೇಕು ಎಂಬುದು ಪ್ರಸ್ತಾವ. ನಮ್ಮ ಮನೆ 620 ಚದರಡಿ, ಅಂದರೆ ನಮಗೆ 1,116 ರೂಪಾಯಿ ಬೀಳುತ್ತಿತ್ತು. ಎದುರಿನ ಬ್ಲಾಕಿನ 1,080 ಚದರಡಿ ಮನೆಯವರಿಗೆ 1,944. ಯಾರು ಪರ, ಯಾರು ವಿರುದ್ಧ ಎಂದು ಹೇಳಬೇಕಾಗಿಲ್ಲ. ನಾವು ಪರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಕರಡಿನಲ್ಲಿ ನಿರ್ಣಯ ಹೀಗಿತ್ತು: "ಮುಂದಿನ ತಿಂಗಳಿನಿಂದ ಚದರಡಿಗೆ ರೂ. 1.80ರಂತೆ ನಿರ್ವಹಣಾ ಶುಲ್ಕ ವಸೂಲಿ ಮಾಡುವ ಬಗ್ಗೆ ಚರ್ಚಿಸಿ ಸರ್ವರೂ ಒಪ್ಪಿದರು." ಓದಲು ಹಿತವಾಗಿದೆ. ಒಂದು ಸಲ ಓದಿ ನಾನೂ ಮುಂದೆ ಹೋಗಿದ್ದೆ. ನೋಟಿಸಿನಲ್ಲಿದ್ದ ಪ್ರಸ್ತಾವವನ್ನು ಪಕ್ಕದಲ್ಲಿ ಇಟ್ಟು ಅಮ್ಮಿಗೆ ಅದನ್ನು ಗಟ್ಟಿಯಾಗಿ ಓದಲು ಹೇಳಿ, ನಾನು ಕರಡಿನ ಮೇಲೆ ಬೆರಳಿಟ್ಟುಕೊಂಡು ಹೋದಾಗ ತಪ್ಪು ಕಂಡಿತು. ನೋಟಿಸಿನಲ್ಲಿ "ಕ್ರಯಪತ್ರದಲ್ಲಿ ನಮೂದಾಗಿರುವ ಬಿಲ್ಟ್ ಅಪ್ ವಿಸ್ತೀರ್ಣದ ಪ್ರತಿ ಚದರಡಿಗೆ" ಎಂದಿತ್ತು. ಕರಡಿನಲ್ಲಿ ಬರೀ "ಚದರಡಿಗೆ". ಯಾವ ಚದರಡಿ? ನಮ್ಮದೇ ಮನೆ ಬಿಲ್ಟ್ ಅಪ್ ಲೆಕ್ಕದಲ್ಲಿ 620, ಗೋಡೆಗಳನ್ನು ಬಿಟ್ಟು ಒಳಗಿನ ಕಾರ್ಪೆಟ್ ಲೆಕ್ಕದಲ್ಲಿ ಸುಮಾರು 500. ಒಂದರಲ್ಲಿ 1,116 ರೂಪಾಯಿ, ಇನ್ನೊಂದರಲ್ಲಿ 900. ಬಿಟ್ಟುಹೋದ ಆ ಮಾತಿನ ಬೆಲೆ ನಮ್ಮೊಂದೇ ಮನೆಗೆ ತಿಂಗಳಿಗೆ 216 ರೂಪಾಯಿ. ಇಷ್ಟು ಸಾಕು ಮುಂದಿನ ವರ್ಷ ಇನ್ನೊಂದು ಜಗಳಕ್ಕೆ.

"ಮುಂದಿನ ತಿಂಗಳಿನಿಂದ" ಎಂಬುದೂ ಸಭೆಯಲ್ಲಿ ಆದ ಮಾತಲ್ಲ. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಬೈಲಾ ತಿದ್ದುಪಡಿ ಸಹಕಾರ ಸಂಘಗಳ ನಿಬಂಧಕರ ಬಳಿ ನೋಂದಣಿಯಾಗುವ ತನಕ ಜಾರಿಗೆ ಬರುವುದಿಲ್ಲ, ಆದ್ದರಿಂದ "ನೋಂದಣಿಯಾದ ನಂತರದ ತಿಂಗಳಿನಿಂದ" ಎಂದು ಸೇರಿಸಿ ಅಂದಿದ್ದರು. ಸಭೆ ಅದನ್ನು ಒಪ್ಪಿತ್ತು. ಅಬ್ಬಾ ಟಿಪ್ಪಣಿಯಲ್ಲಿ ಅದು ಬದಿಯ ಅಂಚಿನಲ್ಲಿ ಬಾಣದ ಗುರುತಿನೊಂದಿಗೆ ಇತ್ತು. ಟೈಪ್ ಮಾಡಿದವರಿಗೆ ಬಾಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲಿಲ್ಲ. ಸಭೆಯ ಮಧ್ಯೆ ಸೇರಿಸಿದ ಮಾತುಗಳೇ ಕರಡಿನಲ್ಲಿ ಹೆಚ್ಚಾಗಿ ಕಳೆದುಹೋಗುವುದು, ಯಾಕೆಂದರೆ ಅವು ನೋಟಿಸಿನಲ್ಲೂ ಇರುವುದಿಲ್ಲ, ಟಿಪ್ಪಣಿಯ ನೇರ ಸಾಲಿನಲ್ಲೂ ಇರುವುದಿಲ್ಲ.

ಇನ್ನು ಕ್ರಿಯಾಪದ. "ಚರ್ಚಿಸಿ ಸರ್ವರೂ ಒಪ್ಪಿದರು" ಎಂದರೆ ಏನನ್ನು ಒಪ್ಪಿದರು? ಚರ್ಚೆ ಮಾಡುವುದನ್ನೋ, ಶುಲ್ಕವನ್ನೋ? ನಿರ್ಣಯ ಓದಿದಾಗ ಯಾರು ಏನು ಮಾಡಬೇಕು ಎಂಬುದು ಆ ವಾಕ್ಯದಿಂದಲೇ ತಿಳಿಯಬೇಕು, ಸಭೆಗೆ ಬಾರದವರಿಗೂ ತಿಳಿಯಬೇಕು. "ಚರ್ಚಿಸಲಾಯಿತು", "ಗಮನಿಸಲಾಯಿತು", "ನಿರ್ಣಯಿಸಲಾಯಿತು" ಈ ಮೂರೂ ಬೇರೆ ಬೇರೆ ಕೆಲಸಗಳು, ಒಂದರ ಜಾಗದಲ್ಲಿ ಇನ್ನೊಂದು ಬರಬಾರದು. ಮತ್ತೆ ಹದಿನಾಲ್ಕು ಜನ ವಿರುದ್ಧ ಕೈಯೆತ್ತಿದ ಮೇಲೆ "ಸರ್ವರೂ" ಎಲ್ಲಿಂದ ಬಂದರು? ಹಳೆಯ ನಡಾವಳಿಗಳನ್ನು ತಿರುವಿ ನೋಡಿದೆ. ಹತ್ತು ವರ್ಷಗಳಿಂದ ಪ್ರತಿ ನಿರ್ಣಯದ ಕೊನೆಗೂ ಅದೇ ಮಾತಿದೆ. ಟೈಪ್ ಮಾಡುವವರು ಹಳೆಯ ಫೈಲನ್ನೇ ತೆರೆದು ಮೇಲಿನ ವಿಷಯ ಬದಲಿಸುತ್ತಾರೆ, ಬಾಲ ಹಾಗೇ ಉಳಿಯುತ್ತದೆ. ಹಳೆಯ ಕಡತದಿಂದ ಉಳಿದುಕೊಂಡ ಇಂಥ ಬಾಲಗಳನ್ನು ಹುಡುಕಲು ಒಂದು ದಾರಿ, ಕಳೆದ ವರ್ಷದ ನಡಾವಳಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಒಂದೇ ಇರುವ ವಾಕ್ಯಗಳ ಕೆಳಗೆಲ್ಲ ಗೆರೆ ಎಳೆಯುವುದು. ಗೆರೆ ಬಿದ್ದ ವಾಕ್ಯಗಳನ್ನು ಅನುಮಾನದಿಂದ ಓದಬೇಕು.

ಸಂಪ್ ರಿಪೇರಿಯ ನಿರ್ಣಯದಲ್ಲೂ ಒಂದು ಸಣ್ಣ ಪದ ಬಿಟ್ಟುಹೋಗಿತ್ತು. "ರೂ. 4,50,000 ಮೀರದಂತೆ" ಎಂದಿರಬೇಕಾದಲ್ಲಿ "ರೂ. 4,50,000 ವೆಚ್ಚದಲ್ಲಿ" ಎಂದಿತ್ತು. ಮೊದಲನೆಯದು ಮಿತಿ, ಎರಡನೆಯದು ಗುತ್ತಿಗೆದಾರನಿಗೆ ಆಹ್ವಾನ.

ಹೆಸರುಗಳ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದೆ. ನಮ್ಮ ಕಟ್ಟಡದಲ್ಲಿ ಹೆಚ್ಚಿನವರು ಉರ್ದು ಮಾತಾಡುವವರು, ಹೆಸರುಗಳು ಟೈಪಿನಲ್ಲಿ ಕೆಟ್ಟಿದ್ದವು. ಖ ಇರಬೇಕಾದಲ್ಲಿ ಕ, ಎಲ್ಲೋ ಅಹಮದ್, ಎಲ್ಲೋ ಅಹ್ಮದ್, ಎಲ್ಲೋ ಅಹಮ್ಮದ್. "ಖಾಲಾ" ಎಂಬುದನ್ನು "ಕಾಲಾ" ಎಂದು ಬರೆದರೆ ಚಿಕ್ಕಮ್ಮ ಹೋಗಿ ಕಪ್ಪು ಬಣ್ಣ ಬರುತ್ತದೆ ಎಂದು ಗೊತ್ತಿರುವ ನಾನು ಉತ್ಸಾಹದಿಂದ ಎಲ್ಲ ಹೆಸರುಗಳನ್ನೂ ನಮ್ಮ ಮನೆಯಲ್ಲಿ ಉಚ್ಚರಿಸುವ ಹಾಗೆ ತಿದ್ದಿಬಿಟ್ಟೆ. ಅಬ್ಬಾ ನೋಡಿ ನಕ್ಕರು. "ರಿಜಿಸ್ಟರ್ ನೋಡಿದೆಯಾ?" ಅಂದರು. ನೋಡಿರಲಿಲ್ಲ. ಸದಸ್ಯತ್ವ ರಿಜಿಸ್ಟರಿನಲ್ಲಿ ಮೂವರ ಹೆಸರು ನಾನು ತಿದ್ದಿದ ಹಾಗಿರಲಿಲ್ಲ. ಷೇರು ಪತ್ರವೂ ಅದೇ ಕಾಗುಣಿತದಲ್ಲಿತ್ತು. ನಡಾವಳಿಗೆ ಸರಿಯಾದ ಹೆಸರು ಎಂದರೆ ರಿಜಿಸ್ಟರಿನಲ್ಲಿರುವ ಹೆಸರು. ಅದು ನನ್ನ ಕಿವಿಗೆ ತಪ್ಪಾಗಿ ಕೇಳಿಸಿದರೂ ಅದೇ ಇರಲಿ. ರಿಜಿಸ್ಟರೇ ತಪ್ಪಿದ್ದರೆ ಆ ಸದಸ್ಯರು ಅರ್ಜಿ ಕೊಟ್ಟು ಅಲ್ಲಿ ಬದಲಿಸಿಕೊಳ್ಳಬೇಕು, ನಾನು ನಡಾವಳಿಯಲ್ಲಿ ಬದಲಿಸುವುದಲ್ಲ. ಮೂರು ಹೆಸರುಗಳನ್ನೂ ಮತ್ತೆ ಹಿಂದಕ್ಕೆ ತಿದ್ದಿದೆ.

ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಇದ್ದಾರೆ, ಒಬ್ಬರು ಪ್ರಸ್ತಾವದ ಪರ ಮಾತಾಡಿದವರು, ಇನ್ನೊಬ್ಬರು ವಿರುದ್ಧ. ಇಬ್ಬರ ತಂದೆಯ ಹೆಸರಿನ ಮೊದಲಕ್ಷರವೂ ಒಂದೇ. ಕರಡು ಓದಿದರೆ ಒಬ್ಬರೇ ಮನುಷ್ಯ ಮೊದಲು ಹೊಗಳಿ ಆಮೇಲೆ ಬೈದ ಹಾಗಿತ್ತು. ಹೆಸರಿನ ಮುಂದೆ ಸದಸ್ಯತ್ವ ಸಂಖ್ಯೆ ಹಾಕಿದ್ದೇ ಪರಿಹಾರವಾಯಿತು. ಮನೆ ಸಂಖ್ಯೆ ಸಾಲದು, ಮನೆ ಮಾರಾಟವಾಗುತ್ತದೆ.

ಇದಕ್ಕಿಂತ ನನಗೆ ಬೇಸರ ತಂದದ್ದು ಬೇರೆ. ಪ್ರಸ್ತಾವದ ಸೂಚಕರು ಒಬ್ಬ ಮಹಿಳೆ. ಮನೆಯೂ ಷೇರೂ ಅವರ ಹೆಸರಿನಲ್ಲಿವೆ, ಎದ್ದು ನಿಂತು ಪ್ರಸ್ತಾವ ಓದಿದವರೂ ಅವರೇ. ಕರಡಿನಲ್ಲಿ ಸೂಚಕರು ಎಂದು ಅವರ ಗಂಡನ ಹೆಸರಿತ್ತು. ಗಂಡ ಸದಸ್ಯರೇ ಅಲ್ಲ, ಅಂದು ಊರಲ್ಲೂ ಇರಲಿಲ್ಲ. ಟೈಪ್ ಮಾಡಿದವರು ಮಾಡಿದ್ದಲ್ಲ ಇದು, ಅಬ್ಬಾ ಅವರೇ ಅಭ್ಯಾಸಬಲದಿಂದ ಟಿಪ್ಪಣಿಯಲ್ಲಿ ಹಾಗೆ ಬರೆದಿದ್ದರು. ಸೂಚಕರು ಸದಸ್ಯರಲ್ಲ ಎಂದಾದರೆ ಪ್ರಸ್ತಾವಕ್ಕೇ ಆಕ್ಷೇಪಣೆ ಬರಬಹುದು. ಸೂಚಕರು, ಅನುಮೋದಕರು ಎಂದು ಬರೆದ ಪ್ರತಿ ಹೆಸರನ್ನೂ ನಾನು ಎರಡು ಕಡೆ ಹುಡುಕಿದೆ. ಸದಸ್ಯತ್ವ ರಿಜಿಸ್ಟರಿನಲ್ಲಿ ಇದೆಯೇ, ಅಂದಿನ ಹಾಜರಾತಿಯಲ್ಲಿ ಸಹಿ ಇದೆಯೇ? ಎರಡೂ ಕಡೆ ಇದ್ದರೆ ಪೆನ್ಸಿಲಿನ ಟಿಕ್.

ಕೊನೆಗೆ ಉಳಿದದ್ದು ಮತಗಳ ಲೆಕ್ಕ. ಅದಕ್ಕೆ ಮೂರನೇ ಸಂಜೆ ಪೂರ್ತಿ ಹೋಯಿತು.

ಕರಡು ಹೇಳುತ್ತಿತ್ತು: ಹಾಜರಿದ್ದವರು 47. ಪರ 29, ವಿರುದ್ಧ 14, ತಟಸ್ಥ 2. ಪ್ರಸ್ತಾವ ಅಂಗೀಕಾರವಾಯಿತು. ಮೂರನ್ನೂ ಕೂಡಿದರೆ 45. ನಲವತ್ತೇಳರಲ್ಲಿ ಇಬ್ಬರು ಕಡಿಮೆ, ಅದೇನೂ ದೊಡ್ಡದಲ್ಲ, ಯಾರೋ ಹೊರಗೆ ಹೋಗಿರಬಹುದು. ಲೆಕ್ಕ ಕಡಿಮೆ ಬಂದರೆ ಸಹಜ ಕಾರಣ ಇರಬಹುದು. ಲೆಕ್ಕ ಹೆಚ್ಚು ಬಂದರೆ ಮಾತ್ರ ಕಾರಣ ಒಳ್ಳೆಯದಿರುವುದಿಲ್ಲ. ಇಷ್ಟು ಯೋಚಿಸಿ ಮುಗಿಸಬಹುದಿತ್ತು.

ಆದರೆ 47 ಎಂಬುದು ಸಹಿಗಳ ಸಂಖ್ಯೆ, ಸದಸ್ಯರ ಸಂಖ್ಯೆಯಲ್ಲ. ಹಾಜರಾತಿ ಪುಸ್ತಕವನ್ನು ರಿಜಿಸ್ಟರಿನೊಂದಿಗೆ ಒಂದೊಂದಾಗಿ ಹೋಲಿಸಿದೆ. ಮೂರು ಸಹಿಗಳು ಸದಸ್ಯರದ್ದಲ್ಲ. ಒಬ್ಬರು ಬಾಡಿಗೆದಾರರು, ಇಬ್ಬರು ತಂದೆಯ ಬದಲಿಗೆ ಬಂದ ಮಕ್ಕಳು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಒಬ್ಬ ಸದಸ್ಯರಿಗೆ ಒಂದೇ ಮತ, ಅದನ್ನು ಖುದ್ದಾಗಿ ಹಾಕಬೇಕು, ಬೇರೆಯವರನ್ನು ಕಳಿಸಿ ಹಾಕಿಸುವಂತಿಲ್ಲ. ಹಾಗಾದರೆ ಮತ ಹಾಕಬಲ್ಲವರು 47 ಅಲ್ಲ, 44. ಕರಡಿನ ಮತಗಳು 45. ಮತದಾರರಿಗಿಂತ ಮತ ಒಂದು ಹೆಚ್ಚು.

ಎರಡೇ ಸಾಧ್ಯತೆ. ಸದಸ್ಯರಲ್ಲದ ಯಾರೋ ಕೈಯೆತ್ತಿದ್ದಾರೆ, ಇಲ್ಲವೇ ಯಾವುದೋ ಅಂಕಿ ತಪ್ಪಾಗಿದೆ. ಜೇಬಿನ ಚೀಟಿ ತೆಗೆದೆ. ಅಂದು ಇಬ್ಬರು ಎಣಿಸಿದ್ದರು, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದಿದ್ದರು. ಪರ ಇದ್ದವರು ಮೊದಲನೇ ಚೀಟಿಯಲ್ಲಿ ಎಡ ಬದಿ 11, ಬಲ ಬದಿ 13, ಹಿಂದೆ ಒಂದು ಅಂಕಿ. ಆ ಅಂಕಿ ಮೂರೂ ಆಗಬಹುದು, ಐದೂ ಆಗಬಹುದು, ಅವಸರದಲ್ಲಿ ಮೊಣಕಾಲಿನ ಮೇಲಿಟ್ಟು ಬರೆದದ್ದು. ಐದು ಎಂದು ಓದಿದರೆ 29. ಎರಡನೇ ಚೀಟಿಯಲ್ಲಿ ಅದೇ ಜಾಗದಲ್ಲಿ ಅಕ್ಷರದಲ್ಲೇ "ಮೂರು" ಎಂದಿತ್ತು. ಹಾಗಾದರೆ ಮೊತ್ತ 27. ಇದನ್ನು ಹಾಕಿ ನೋಡಿದೆ: 27, 14, 2, ಒಟ್ಟು 43. ಮತದಾರರು 44. ಒಬ್ಬರು ಕಡಿಮೆ. ಆ ಹೊತ್ತಿಗೆ ಒಬ್ಬ ಸದಸ್ಯರು ಫೋನ್ ಬಂದು ಎದ್ದು ಹೋಗಿದ್ದು ಅಬ್ಬಾ ಟಿಪ್ಪಣಿಯಲ್ಲೇ ಇತ್ತು. ಎಲ್ಲವೂ ಕೂಡಿ ಬಂತು.

ಕೂಡಿ ಬಂದ ಖುಷಿ ಒಂದು ನಿಮಿಷ ಇತ್ತು. ಆಮೇಲೆ ಬೈಲಾ ತೆರೆದೆ. ನಮ್ಮ ಬೈಲಾ ಪ್ರಕಾರ ತಿದ್ದುಪಡಿಗೆ "ಹಾಜರಿದ್ದು ಮತ ಚಲಾಯಿಸಿದ ಸದಸ್ಯರ" ಮೂರನೇ ಎರಡು ಭಾಗ ಬೇಕು. ತಟಸ್ಥರು ಮತ ಚಲಾಯಿಸಿದವರಲ್ಲ, ಅವರನ್ನು ಬಿಡಬೇಕು. ಪರ ಮತ್ತು ವಿರುದ್ಧ ಮಾತ್ರ ಕೂಡಬೇಕು. ಭಿನ್ನರಾಶಿಯಲ್ಲಿ ಸಿಕ್ಕಿಕೊಳ್ಳದೆ ನೋಡಲು ಸುಲಭ ದಾರಿ ಇದೆ. ಪರ ಮತಗಳನ್ನು ಮೂರರಿಂದ ಗುಣಿಸಿ, ಒಟ್ಟು ಮತಗಳನ್ನು ಎರಡರಿಂದ ಗುಣಿಸಿ. ಮೊದಲನೆಯದು ಎರಡನೆಯದಕ್ಕೆ ಸಮ ಅಥವಾ ಹೆಚ್ಚಿದ್ದರೆ ಪಾಸು. ಕರಡಿನ ಲೆಕ್ಕದಲ್ಲಿ ಪರ 29, ಒಟ್ಟು 43. ಮೂರು ಇಪ್ಪತ್ತೊಂಬತ್ತಲೆ 87, ಎರಡು ನಲವತ್ಮೂರಲೆ 86. ಪಾಸು, ಕೂದಲೆಳೆಯಲ್ಲಿ. ಸರಿಯಾದ ಲೆಕ್ಕದಲ್ಲಿ ಪರ 27, ಒಟ್ಟು 41. ಮೂರು ಇಪ್ಪತ್ತೇಳಲೆ 81, ಎರಡು ನಲವತ್ತೊಂದಲೆ 82. ಇಲ್ಲ.

ಒಂದು ಸಲ ಅಲ್ಲ, ನಾಲ್ಕು ಸಲ ಗುಣಿಸಿದೆ. ಬೈಲಾದಲ್ಲಿ ಬರೀ "ಹಾಜರಿದ್ದ" ಎಂದಿದ್ದರೆ 44ರ ಮೇಲೆ ಲೆಕ್ಕ ಹಾಕಬೇಕಿತ್ತು, ಆಗ 30 ಮತ ಬೇಕು, 29 ಇದ್ದರೂ ಸಾಲುತ್ತಿರಲಿಲ್ಲ. "ಮತ ಚಲಾಯಿಸಿದ" ಎಂಬ ಎರಡು ಪದಗಳು ಎಷ್ಟು ತೂಕದವು ಎಂದು ಆಗ ಗೊತ್ತಾಯಿತು. ಹೇಗೆ ತಿರುಗಿಸಿ ನೋಡಿದರೂ 27ಕ್ಕೆ ದಾರಿ ಇರಲಿಲ್ಲ. ಒಂದೇ ಒಂದು ಮತ ಕಡಿಮೆ. ನಮ್ಮ ಮನೆಯ ತಿಂಗಳಿಗೆ 384 ರೂಪಾಯಿ ಉಳಿತಾಯ ಆ ಚೀಟಿಯ ಮೂರೋ ಐದೋ ಅಂಕಿಯಲ್ಲಿ ಕೂತಿತ್ತು, ಮತ್ತು ಆ ಚೀಟಿ ನೋಡಿದ್ದು ಆ ಹೊತ್ತಿಗೆ ನಾನೊಬ್ಬನೇ. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕರಡಿನಲ್ಲಿ 29 ಹೊಡೆದು 27 ಎಂದು ಬರೆಯಲು ಪೆನ್ಸಿಲ್ ಎತ್ತಿದಾಗ ಅಬ್ಬಾ ತಡೆದರು. "ಅಧ್ಯಕ್ಷರು ಸಭೆಯಲ್ಲಿ ಎಷ್ಟು ಅಂತ ಹೇಳಿದರು?" ಇಪ್ಪತ್ತೊಂಬತ್ತು ಅಂತಲೇ ಹೇಳಿದ್ದರು, ಅಂಗೀಕಾರವಾಯಿತು ಎಂದೂ ಘೋಷಿಸಿದ್ದರು. ನಡಾವಳಿ ಅಂದರೆ ಸಭೆಯಲ್ಲಿ ನಡೆದದ್ದು. ನಡೆದದ್ದರಲ್ಲಿ ತಪ್ಪಿದ್ದರೂ ನಡೆದದ್ದು ಅದೇ. ಟೈಪ್ ಮಾಡಿದವರ ತಪ್ಪನ್ನು ತಿದ್ದುವವರು ತಿದ್ದಬಹುದು, ಬಿಟ್ಟುಹೋದ "ಬಿಲ್ಟ್ ಅಪ್" ಅಂಥದ್ದು. ಸಭೆಯ ತಪ್ಪನ್ನು ತಿದ್ದುವವರು ತಿದ್ದುವಂತಿಲ್ಲ, ಎತ್ತಿ ತೋರಿಸಬೇಕು ಅಷ್ಟೇ. ನಾನು ಅಂಚಿನಲ್ಲಿ ಪ್ರಶ್ನೆ ಗುರುತು ಹಾಕಿ, "ಘೋಷಿತ 29. ಎರಡನೇ ಚೀಟಿಯಂತೆ 27. ಹಾಜರಿದ್ದ ಸದಸ್ಯರು 44, ಕರಡಿನ ಮತ 45. ದಯವಿಟ್ಟು ನೋಡಿ" ಎಂದು ಬರೆದೆ.

ಅಬ್ಬಾ ಅದನ್ನು ಅಧ್ಯಕ್ಷರ ಮನೆಗೆ ಒಯ್ದರು, ನನ್ನನ್ನೂ ಕರೆದುಕೊಂಡು ಹೋದರು. ಅಧ್ಯಕ್ಷರು ಎರಡೂ ಚೀಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಾನೇ ಐದು ಅಂತ ಓದಿದೆ" ಅಂದರು. ಎಣಿಸಿದ ಇಬ್ಬರನ್ನೂ ಕರೆಸಿದರು. ಮೊದಲನೇ ಚೀಟಿ ಬರೆದವರು ತಮ್ಮದೇ ಬರಹ ನೋಡಿ "ಇದು ಮೂರು ಅಂಕಲ್, ನನ್ನ ಮೂರು ಹಾಗೇ" ಅಂದರು.

ಆ ವಾರ ಆಡಳಿತ ಮಂಡಳಿ ಸೇರಿತು. ಮಹಾಸಭೆಯ ನಡಾವಳಿಯಲ್ಲಿ ಅಧ್ಯಕ್ಷರು ಘೋಷಿಸಿದ ಅಂಕಿಗಳನ್ನು ಘೋಷಿಸಿದಂತೆಯೇ ಇಟ್ಟರು. ಹಾಜರಾತಿಯನ್ನು "ಸದಸ್ಯರು 44, ಇತರರು 3" ಎಂದು ಬಿಡಿಸಿ ಬರೆದರು. ಚೀಟಿಗಳಲ್ಲಿ ಕಂಡ ವ್ಯತ್ಯಾಸವನ್ನು ಮಂಡಳಿ ಸಭೆಯ ನಡಾವಳಿಯಲ್ಲಿ ದಾಖಲಿಸಿ, ತಿದ್ದುಪಡಿಯನ್ನು ನೋಂದಣಿಗೆ ಕಳಿಸದೆ, ವಿಶೇಷ ಮಹಾಸಭೆ ಕರೆದು ಮತ್ತೆ ಮತಕ್ಕೆ ಹಾಕಲು ತೀರ್ಮಾನಿಸಿದರು. ಎರಡೂ ಚೀಟಿಗಳನ್ನು ಲಕೋಟೆಯಲ್ಲಿ ಹಾಕಿ ಫೈಲಿನಲ್ಲಿ ಇಟ್ಟಿದ್ದಾರೆ. ಚಿಕ್ಕ ಮನೆಗಳ ಒಬ್ಬಿಬ್ಬರು ಚಾಚಾಗಳು ಮೆಟ್ಟಿಲ ಮೇಲೆ ಸಿಕ್ಕಿದರೆ ಈಗಲೂ ನನ್ನನ್ನು ಸ್ವಲ್ಪ ಓರೆಯಾಗಿ ನೋಡುತ್ತಾರೆ. ಅಮ್ಮಿ ಈ ತಿಂಗಳೂ 1,500 ಎಣಿಸಿ ಕೊಟ್ಟರು.

ವಿಶೇಷ ಸಭೆಗೆ ಮತ ಎಣಿಸುವ ಹಾಳೆ ನಾನು ಗೆರೆ ಹಾಕಿ ಕೊಟ್ಟಿದ್ದೇನೆ. ಪ್ರತಿ ಸಾಲಿನ ಮುಂದೆ ಎರಡು ಖಾನೆ, ಒಂದರಲ್ಲಿ ಅಂಕಿ, ಇನ್ನೊಂದರಲ್ಲಿ ಅಕ್ಷರ. ಮೇಲ್ಗಡೆ ಮತದಾನದ ಹೊತ್ತಿಗೆ ಕೋಣೆಯಲ್ಲಿರುವ ಸದಸ್ಯರ ಸಂಖ್ಯೆಗೆ ಒಂದು ಖಾನೆ, ಅದನ್ನು ಕೈಯೆತ್ತಿಸುವ ಮೊದಲೇ ತುಂಬಬೇಕು. ಕೆಳಗೆ ಇಬ್ಬರು ಎಣಿಸುವವರ ಸಹಿ. ಬರೆಯಲು ಗಟ್ಟಿ ರಟ್ಟು ಕೂಡ ಕೊಡಿ ಎಂದು ಅಬ್ಬಾಗೆ ಹೇಳಿದ್ದೇನೆ, ಮೊಣಕಾಲಿನ ಮೇಲೆ ಬೇಡ.